ಅಗಸೆ ಚಟ್ನಿಪುಡಿ ಲೇಬಲ್: ಲ್ಯಾಬ್ 459 ಕ್ಯಾಲರಿ ಅನ್ನುತ್ತಿದೆ, ನಾನು ಲೆಕ್ಕ ಹಾಕಿದರೆ 506. ಯಾವುದು ಸರಿ?

ಧಾರವಾಡದ_ಅಗಸೆ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಅಗಸೆ ಚಟ್ನಿಪುಡಿ ಮಾಡಿ ಮಾರುತ್ತೇನೆ. ಈಗ ಅಂಗಡಿಗಳಿಗೆ ಕೊಡಬೇಕು ಅಂತ ಪುಡಿಯನ್ನು ಲ್ಯಾಬಿಗೆ ಕಳಿಸಿ ಟೆಸ್ಟ್ ಮಾಡಿಸಿದೆ. 100 ಗ್ರಾಂಗೆ ರಿಪೋರ್ಟ್ ಹೀಗಿದೆ:

ತೇವಾಂಶ 4.7 ಗ್ರಾಂ
ಬೂದಿ 10.0 ಗ್ರಾಂ
ಪ್ರೋಟೀನ್ 15.8 ಗ್ರಾಂ
ಕೊಬ್ಬು 33.0 ಗ್ರಾಂ
ಕಾರ್ಬೋಹೈಡ್ರೇಟ್ 36.5 ಗ್ರಾಂ
ನಾರಿನಂಶ 23.5 ಗ್ರಾಂ
ಸೋಡಿಯಂ 2600 ಮಿಲಿಗ್ರಾಂ
ಶಕ್ತಿ 459 ಕಿಲೋಕ್ಯಾಲರಿ

ಪ್ರೋಟೀನಿಗೆ 4, ಕಾರ್ಬ್ಸ್‌ಗೆ 4, ಕೊಬ್ಬಿಗೆ 9 ಅಂತ ಎಲ್ಲ ಕಡೆ ಓದಿದ್ದೇನೆ. ಹಾಗೆ ಹಾಕಿದರೆ 63.2 + 146 + 297, ಒಟ್ಟು 506 ಬರುತ್ತದೆ. 47 ಕ್ಯಾಲರಿ ಎಲ್ಲಿ ಹೋಯಿತು? ಪ್ರಿಂಟಿಂಗ್‌ಗೆ ಕೊಡುವ ಮೊದಲು ತಿಳಿದುಕೊಳ್ಳಬೇಕು. ಒಂದು ಸಲ ಪೌಚ್ ಪ್ರಿಂಟ್ ಆದರೆ ಎಲ್ಲವನ್ನೂ ಖರ್ಚು ಮಾಡಲೇಬೇಕು.

ಪ್ಯಾಕೆಟ್_ಓದುಗ

ಮೇಡಂ, ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಲೇಬಲ್ ಮೇಲಿನ ಅಂಕಿ ಯಾವತ್ತೂ ಪಕ್ಕಾ ಇರುವುದಿಲ್ಲ. ರೌಂಡ್ ಮಾಡಿರುತ್ತಾರೆ, ಅದರಲ್ಲಿ ಅಷ್ಟೋ ಇಷ್ಟೋ ಹೋಗುತ್ತದೆ. 506 ಹಾಕಿಬಿಡಿ. 4-4-9 ಅನ್ನೋದು ಎಲ್ಲರೂ ಒಪ್ಪುವ ಲೆಕ್ಕ.

ಲ್ಯಾಬ್_ಶಿವಮೊಗ್ಗ

ರೌಂಡಿಂಗ್‌ನಿಂದ 47 ಹೋಗುವುದಿಲ್ಲ. ಇಲ್ಲಿ ಅಂಕಿಗಳು ಒಂದು ದಶಮಾಂಶದವರೆಗೆ ಇವೆ. ಕೊಬ್ಬು 33.0 ಅಂದರೆ ನಿಜಕ್ಕೂ 32.95ರಿಂದ 33.05ರ ಒಳಗೆ ಎಲ್ಲೋ ಇರುತ್ತದೆ. ಅದನ್ನು 9ರಿಂದ ಗುಣಿಸಿದರೂ ವ್ಯತ್ಯಾಸ ಅರ್ಧ ಕ್ಯಾಲರಿ ದಾಟುವುದಿಲ್ಲ. ಮೂರೂ ಸೇರಿದರೂ ಒಂದು ಕ್ಯಾಲರಿಯೊಳಗೇ ಮುಗಿಯುತ್ತದೆ.

ಮೇಡಂ, ನಿಮ್ಮ 47 ಅನ್ನು 2ರಿಂದ ಭಾಗಿಸಿ ನೋಡಿ. 23.5. ನಿಮ್ಮ ರಿಪೋರ್ಟಿನಲ್ಲಿರುವ ನಾರಿನಂಶವೂ 23.5. ಲ್ಯಾಬಿನವರು ನಾರಿಗೆ ಗ್ರಾಂಗೆ 4ರ ಬದಲು 2 ಕ್ಯಾಲರಿ ಹಾಕಿದ್ದಾರೆ. ಲೆಕ್ಕ ಹೀಗೆ:

ಪ್ರೋಟೀನ್ 15.8 × 4 = 63.2
ನಾರು ಬಿಟ್ಟ ಕಾರ್ಬ್ಸ್ (36.5 − 23.5) = 13.0 × 4 = 52
ನಾರು 23.5 × 2 = 47
ಕೊಬ್ಬು 33.0 × 9 = 297
ಒಟ್ಟು 459.2

ಹಾಗಾಗಿ ರಿಪೋರ್ಟ್ ಸರಿಯಾಗಿಯೇ ಇದೆ. ಮೈದಾ ಬಿಸ್ಕೆಟ್ ಆಗಿದ್ದರೆ ಈ ವ್ಯತ್ಯಾಸ ನಿಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ. ಅಲ್ಲಿ ನಾರು ಎರಡೋ ಮೂರೋ ಗ್ರಾಂ ಇದ್ದರೆ ವ್ಯತ್ಯಾಸ ಐದಾರು ಕ್ಯಾಲರಿ ಅಷ್ಟೇ. ಅಗಸೆಯಲ್ಲಿ ಕಾರ್ಬ್ಸ್ ಅಂತ ಬರೆಯುವುದರಲ್ಲಿ ಬಹುಪಾಲು ನಾರೇ ಇರುತ್ತದೆ.

ತುಮಕೂರು_ಜಿಮ್

ಸರ್, ನಾರು ಜೀರ್ಣ ಆಗೋದೇ ಇಲ್ಲ ಅಲ್ವಾ? ಹಾಗಾದರೆ ಸೊನ್ನೆ ಹಾಕಬೇಕು. 63 + 52 + 297 = 412. ನಾನು ನನ್ನ ಡಯಟ್‌ನಲ್ಲಿ ಯಾವಾಗಲೂ ನಾರನ್ನು ಪೂರ್ತಿ ಕಳೆದೇ ಬರೆಯೋದು. ಮೇಡಂ 412 ಅಂತ ಹಾಕಿದರೆ ಮಾರಾಟಕ್ಕೂ ಒಳ್ಳೆಯದು.

ಲ್ಯಾಬ್_ಶಿವಮೊಗ್ಗ

ಸಣ್ಣ ಕರುಳಿನಲ್ಲಿ ಜೀರ್ಣ ಆಗುವುದಿಲ್ಲ ಅನ್ನೋದು ನಿಜ. ಆದರೆ ಅಲ್ಲಿಗೆ ಮುಗಿಯುವುದಿಲ್ಲ. ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ನಾರಿನ ಒಂದು ಭಾಗವನ್ನು ಹುದುಗಿಸುತ್ತವೆ. ಆಗ ಬರುವ ಸಣ್ಣ ಕೊಬ್ಬಿನಾಮ್ಲಗಳನ್ನು ನಮ್ಮ ಮೈ ಹೀರಿಕೊಳ್ಳುತ್ತದೆ. ಆ ಶಕ್ತಿಯನ್ನು ಸರಾಸರಿ ಹಿಡಿದು ಗ್ರಾಂಗೆ 2 ಅಂತ ಇಟ್ಟಿದ್ದಾರೆ. ಆಹಾರದ ಶಕ್ತಿ ಲೆಕ್ಕದ ಬಗ್ಗೆ 2003ರಲ್ಲಿ ಬಂದ ಎಫ್‌ಎಒ ವರದಿಯಲ್ಲೂ ಮಾಮೂಲಿ ಆಹಾರದ ನಾರಿಗೆ ಇದೇ 2 ಇದೆ.

ಎಲ್ಲ ನಾರೂ ಒಂದೇ ಥರ ಹುದುಗುವುದಿಲ್ಲ. ಅಗಸೆಯನ್ನು ನೀರಿಗೆ ಹಾಕಿದರೆ ಲೋಳೆ ಬಿಡುತ್ತದಲ್ಲ, ಆ ಭಾಗ ಚೆನ್ನಾಗಿ ಹುದುಗುತ್ತದೆ. ಸಿಪ್ಪೆಯ ಗಟ್ಟಿ ನಾರು ಅಷ್ಟಾಗಿ ಹುದುಗುವುದಿಲ್ಲ. ಅದಕ್ಕೇ ಅಮೆರಿಕದ ಲೇಬಲ್ ನಿಯಮದಲ್ಲಿ ಕರಗುವ ನಾರಿಗೆ 2, ಕರಗದ್ದಕ್ಕೆ ಸೊನ್ನೆ ಹಾಕುವ ಒಂದು ದಾರಿಯನ್ನೂ ಕೊಟ್ಟಿದ್ದಾರೆ. ಎಲ್ಲಕ್ಕೂ 4-4-9 ಹಾಕುವ ದಾರಿಯೂ ಅಲ್ಲಿದೆ. ಆದರೆ ನಿಮ್ಮಂತೆ ಪೂರ್ತಿ ನಾರಿಗೆ ಸೊನ್ನೆ ಹಾಕಿ 412 ಅಂತ ಪ್ರಿಂಟ್ ಮಾಡಬೇಕಾದರೆ ಕೈಯಲ್ಲಿ ಆಧಾರ ಇರಬೇಕು. ಮೇಡಂ ಹತ್ತಿರ ಇರುವ ಆಧಾರ 459ರದ್ದು.

ಸಕ್ಕರೆ_ಕಡಿಮೆ

ನನಗೆ ಡಯಾಬಿಟಿಸ್ ಇದೆ. ಕಾರ್ಬ್ಸ್ 36.5 ಅಂದರೆ ನಮ್ಮಂಥವರು ಈ ಪುಡಿ ತಿನ್ನಲೇಬಾರದು ಅಂತಾಯಿತಲ್ಲ? ಅಗಸೆ ಒಳ್ಳೆಯದು ಅಂತ ದಿನಾ ಊಟದ ಜೊತೆ ಹಾಕಿಕೊಳ್ಳುತ್ತಿದ್ದೆ. ನಿಲ್ಲಿಸಬೇಕಾ?

ಹಳೇ_ಡಯಟಿಷಿಯನ್

ಇಲ್ಲಮ್ಮ, ಗಾಬರಿ ಬೇಡ. ಅವರು ಕೇಳುತ್ತಿರುವುದು ಕ್ಯಾಲರಿ ಯಾಕೆ ಕೂಡಿಬರುತ್ತಿಲ್ಲ ಅಂತ. ಆ 36.5ರಲ್ಲಿ ಸಕ್ಕರೆಯಾಗುವ ಭಾಗ 13 ಮಾತ್ರ, ಅದೂ 100 ಗ್ರಾಂ ಪುಡಿಗೆ. ನೀವು ಊಟಕ್ಕೆ ಎರಡು ಚಮಚ, ಅಂದಾಜು 10 ಗ್ರಾಂ ಹಾಕಿಕೊಂಡರೆ 1.3 ಗ್ರಾಂ ಆಯಿತು. ಅದರ ಪಕ್ಕದಲ್ಲಿರುವ ಜೋಳದ ರೊಟ್ಟಿ ಎಷ್ಟು ಅಂತ ನೋಡಿ. ಔಷಧಿ ವಿಷಯ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ.

ಈ ಗೊಂದಲ ಹೊಸದಲ್ಲ. ನಮ್ಮ ಕಾಲದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕವೇ ನಮಗೆ ಆಧಾರ. ಅದರಲ್ಲಿ ರಾಗಿಗೆ ಪ್ರೋಟೀನ್ 7.3, ಕೊಬ್ಬು 1.3, ಕಾರ್ಬ್ಸ್ 72.0, ಶಕ್ತಿ 328. 4-4-9 ಹಾಕಿದರೆ 328.9, ಕೂಡಿಬರುತ್ತದೆ. ಅದೇ ಸಂಸ್ಥೆಯ 2017ರ ಪುಸ್ತಕದಲ್ಲಿ ರಾಗಿಯ ಕಾರ್ಬ್ಸ್ 66.82. ರಾಗಿ ಬದಲಾಗಲಿಲ್ಲ, ನಾರನ್ನು ಅಳೆಯುವ ರೀತಿ ಬದಲಾಯಿತು. ಹಳೆಯದರಲ್ಲಿ ಆಸಿಡ್, ಆಲ್ಕಲಿಯಲ್ಲಿ ಕುದಿಸಿ ಉಳಿದದ್ದನ್ನು ಮಾತ್ರ ನಾರು ಅನ್ನುತ್ತಿದ್ದರು, ಅದು 3.6 ಗ್ರಾಂ. ಹೊಸದರಲ್ಲಿ ಕರಗುವ ನಾರೂ ಸೇರಿ 11.18. ಅಷ್ಟನ್ನೂ ಕಾರ್ಬ್ಸ್‌ನಿಂದ ತೆಗೆದಿದ್ದಾರೆ. ಧಾರವಾಡದವರು ತಮ್ಮ ರಿಪೋರ್ಟಿನಲ್ಲಿ ಯಾವ ನಾರು ಅಂತ ಒಮ್ಮೆ ನೋಡಲಿ. ಹಳೆಯ ರೀತಿಯದಾದರೆ ಈ ಲೆಕ್ಕವೆಲ್ಲ ತಪ್ಪುತ್ತದೆ.

ಧಾರವಾಡದ_ಅಗಸೆ

ರಿಪೋರ್ಟಿನಲ್ಲಿ 'ಟೋಟಲ್ ಡಯಟರಿ ಫೈಬರ್' ಅಂತ ಇದೆ ಅಮ್ಮ. ಕಾರ್ಬ್ಸ್ ಪಕ್ಕದಲ್ಲಿ 'ಬೈ ಡಿಫರೆನ್ಸ್' ಅಂತ ಸಣ್ಣ ಅಕ್ಷರದಲ್ಲಿದೆ. ಅದೇನು?

ಲ್ಯಾಬ್_ಶಿವಮೊಗ್ಗ

ಹಾಗಾದರೆ ಹೊಸ ರೀತಿಯದೇ. ಒಳ್ಳೆಯದಾಯಿತು.

ಬೈ ಡಿಫರೆನ್ಸ್ ಅಂದರೆ ಕಾರ್ಬ್ಸ್ ಅನ್ನು ಯಾರೂ ನೇರವಾಗಿ ಅಳೆದಿಲ್ಲ. ತೇವಾಂಶ, ಬೂದಿ, ಪ್ರೋಟೀನ್, ಕೊಬ್ಬು ಅಳೆದು, 100ರಿಂದ ಕಳೆದು, ಉಳಿದದ್ದನ್ನು ಕಾರ್ಬ್ಸ್ ಅಂದಿದ್ದಾರೆ. ನಿಮ್ಮದು 4.7 + 10.0 + 15.8 + 33.0 = 63.5. ಉಳಿದದ್ದು 36.5. ಮಿಕ್ಕ ನಾಲ್ಕರಲ್ಲಿ ಎಲ್ಲೇ ತಪ್ಪಾದರೂ ಅದು ಕಾರ್ಬ್ಸ್ ಮೇಲೆ ಬಂದು ಕೂರುತ್ತದೆ. ಸ್ಯಾಂಪಲ್ ಡಬ್ಬಿ ಸರಿಯಾಗಿ ಮುಚ್ಚದೆ ಪುಡಿ ತೇವ ಎಳೆದುಕೊಂಡರೆ ಕಾರ್ಬ್ಸ್ ಅಂಕಿಯೂ ಅಲ್ಲಾಡುತ್ತದೆ.

ಇದರಿಂದ ಒಂದು ಉಪಯೋಗ ಇದೆ. ಯಾವುದೇ ಪ್ಯಾಕೆಟ್ ತಗೊಂಡು ಅದರ ಕಾರ್ಬ್ಸ್‌ನಲ್ಲಿ ನಾರು ಸೇರಿದೆಯಾ ಇಲ್ಲವಾ ಅಂತ ಹೊರಗಿನಿಂದಲೇ ಹೇಳಬಹುದು. ಪ್ರೋಟೀನ್, ಕೊಬ್ಬು, ಕಾರ್ಬ್ಸ್ ಮೂರನ್ನೂ ಕೂಡಿ 100ರಿಂದ ಕಳೆಯಿರಿ. ನಿಮ್ಮದರಲ್ಲಿ ಮೂರೂ ಸೇರಿ 85.3, ಉಳಿಯುವುದು 14.7. ಒಣ ಪುಡಿಯಲ್ಲಿ ನೀರು ಐದರಷ್ಟು, ಉಪ್ಪು ಹಾಕಿದ್ದರಿಂದ ಬೂದಿ ಹತ್ತರಷ್ಟು, ಸರಿಹೋಯಿತು. ಅಂದರೆ ನಾರು ಒಳಗೇ ಇದೆ. ಯಾರಾದರೂ ಇದೇ ಪುಡಿಗೆ ಕಾರ್ಬ್ಸ್ 13.0 ಅಂತ ಬರೆದಿದ್ದರೆ ಉಳಿಯುವುದು 38.2. ಒಣ ಪುಡಿಯಲ್ಲಿ ಅಷ್ಟು ನೀರು ಮತ್ತು ಉಪ್ಪು ಇರಲು ಸಾಧ್ಯವೇ ಇಲ್ಲ. ಹಾಗಾದರೆ ನಾರನ್ನು ಹೊರಗಿಟ್ಟಿದ್ದಾರೆ ಅಂತ ಅರ್ಥ.

ಮ್ಯೂನಿಕ್_ಕನ್ನಡಿಗ

ಇಲ್ಲಿ ಯುರೋಪಿನಲ್ಲಿ ಯಾವಾಗಲೂ ಎರಡನೆಯ ರೀತಿ. 1169/2011 ಅನ್ನೋ ನಿಯಮದ ಪ್ರಕಾರ ಕಾರ್ಬ್ಸ್‌ನಲ್ಲಿ ನಾರು ಸೇರುವುದಿಲ್ಲ, ನಾರಿಗೆ 2 ಕ್ಯಾಲರಿ. ನಿಮ್ಮ ಪುಡಿ ಇಲ್ಲಿನ ಅಂಗಡಿಗೆ ಬಂದರೆ ಕಾರ್ಬ್ಸ್ 13.0, ನಾರು 23.5, ಶಕ್ತಿ 459 ಅಂತ ಬರುತ್ತದೆ. ಊರಿನಿಂದ ತಂದ ಓಟ್ಸ್ ಪ್ಯಾಕೆಟ್ಟನ್ನೂ ಇಲ್ಲಿನದನ್ನೂ ಪಕ್ಕಪಕ್ಕ ಇಟ್ಟು ಕಾರ್ಬ್ಸ್ ಹೋಲಿಸುವವರಿಗೆ ಈ ವಿಷಯ ಗೊತ್ತಿರಬೇಕು. ಇಲ್ಲದಿದ್ದರೆ ಇಲ್ಲಿನ ಓಟ್ಸ್‌ನಲ್ಲಿ ಕಾರ್ಬ್ಸ್ ಕಡಿಮೆ ಅಂತ ಅನ್ನಿಸುತ್ತದೆ.

ಸಕ್ಕರೆ_ಕಡಿಮೆ

ಧನ್ಯವಾದ ಅಮ್ಮ, ಸಮಾಧಾನ ಆಯಿತು. ಇನ್ನೊಂದು ಕೇಳಲಾ? ಮನೆಯಲ್ಲಿ ಒಂದು ಶುಗರ್‌ಫ್ರೀ ಚಾಕೊಲೇಟ್ ಇದೆ. ಪ್ರೋಟೀನ್ 7, ಕಾರ್ಬ್ಸ್ 58, ಕೊಬ್ಬು 22. ನನ್ನ ಮಗ 4-4-9 ಹಾಕಿ 458 ಅಂದ. ಪ್ಯಾಕೆಟ್ ಮೇಲೆ 410 ಅಂತ ಇದೆ. ಅದರಲ್ಲಿ ನಾರು ಅಂತ ಬರೆದೇ ಇಲ್ಲ.

ಲ್ಯಾಬ್_ಶಿವಮೊಗ್ಗ

ಪದಾರ್ಥಗಳ ಪಟ್ಟಿಯಲ್ಲಿ ಮಾಲ್ಟಿಟಾಲ್ ಅಂತ ಇದೆಯಾ ನೋಡಿ. ಸಿಹಿಗೆ ಅದನ್ನು ಹಾಕಿದರೆ ಗ್ರಾಂಗೆ 4 ಬರುವುದಿಲ್ಲ. ಯುರೋಪಿನ ಲೆಕ್ಕದಲ್ಲಿ ಅದಕ್ಕೆ 2.4. ವ್ಯತ್ಯಾಸ 48 ಇದೆ, ಗ್ರಾಂಗೆ 1.6 ಕಡಿಮೆ ಅಂದರೆ ಸರಿಯಾಗಿ 30 ಗ್ರಾಂ ಮಾಲ್ಟಿಟಾಲ್. ಪಾಲಿಯಾಲ್ ಅಂತ ಒಂದು ಸಾಲು ಇರಬಹುದು, ಹುಡುಕಿ.

ಸಕ್ಕರೆ_ಕಡಿಮೆ

ಇದೆ! ಪಾಲಿಯಾಲ್ಸ್ 30 ಗ್ರಾಂ. ಹಾಗಾದರೆ ಅದು ರಕ್ತದ ಸಕ್ಕರೆ ಏರಿಸೋದಿಲ್ಲ ತಾನೇ?

ಹಳೇ_ಡಯಟಿಷಿಯನ್

ಏರಿಸುತ್ತದಮ್ಮ, ಸಕ್ಕರೆಗಿಂತ ಕಡಿಮೆ. ಪೂರ್ತಿ ಸೊನ್ನೆ ಅಂತ ತಿಳಿಯಬೇಡಿ. ಜಾಸ್ತಿ ತಿಂದರೆ ಹೊಟ್ಟೆಯೂ ಕೆಡುತ್ತದೆ.

ಧಾರವಾಡದ_ಅಗಸೆ

ನನ್ನ ಲೇಬಲ್‌ಗೆ ಬರುತ್ತೇನೆ. ಡಿಸೈನರ್ ಒಂದು ಡ್ರಾಫ್ಟ್ ಕಳಿಸಿದ್ದಾರೆ. 100 ಗ್ರಾಂಗೆ: ಶಕ್ತಿ 459, ಪ್ರೋಟೀನ್ 15.8, ಕಾರ್ಬ್ಸ್ 36.5, ಅದರ ಕೆಳಗೆ ಸಕ್ಕರೆಗಳು, ಆಮೇಲೆ ನಾರಿನಂಶ 23.5 ಬೇರೆ ಸಾಲಿನಲ್ಲಿ, ಕೊಬ್ಬು 33.0, ಸೋಡಿಯಂ 260. ಮುಂದೆ 'ಹೆಚ್ಚು ನಾರಿನಂಶ' ಅಂತ ದೊಡ್ಡದಾಗಿ ಹಾಕಿದ್ದಾರೆ. ಇದನ್ನು ಹಾಗೇ ಬಿಡಬಹುದಾ?

ಲ್ಯಾಬ್_ಶಿವಮೊಗ್ಗ

ಎರಡು ಕಡೆ ನಿಲ್ಲಿಸಿ.

ಮೊದಲನೆಯದು ನಾರಿನ ಸಾಲು. ಕಾರ್ಬ್ಸ್ 36.5 ಬರೆದು ನಾರನ್ನು ಬೇರೆಯಾಗಿ ಅದೇ ಸಮಕ್ಕೆ ಬರೆದರೆ ಓದುವವರು ಎರಡೂ ಬೇರೆಬೇರೆ ಅಂದುಕೊಳ್ಳುತ್ತಾರೆ. ಹಾಗೆ ಕೂಡಿದರೆ 15.8 + 36.5 + 23.5 + 33.0 = 108.8. ನೂರು ಗ್ರಾಂ ಪುಡಿಯಲ್ಲಿ 108 ಗ್ರಾಂ ಸಾಮಾನು ಹೇಗೆ ಬಂತು ಅಂತ ಯಾರಾದರೂ ಕೇಳುತ್ತಾರೆ. ಕ್ಯಾಲರಿ ಹಾಕಿ ನೋಡಿದರೂ 553 ಬರುತ್ತದೆ. ಅದಕ್ಕೇ ನಾರನ್ನು ಕಾರ್ಬ್ಸ್ ಕೆಳಗೆ ಸ್ವಲ್ಪ ಒಳಗೆ ತಳ್ಳಿ, ಸಕ್ಕರೆಗಳ ಜೊತೆಗೆ, 'ಅದರಲ್ಲಿ ನಾರಿನಂಶ' ಅಂತ ಹಾಕಿಸಿ. ಆಗ ಮೂರು ಸಾಲೂ ಪರಸ್ಪರ ಹೊಂದುತ್ತವೆ.

ನಾರಿನ ಸಾಲು ತೆಗೆದುಬಿಡುವ ಯೋಚನೆ ಬೇಡ. 'ಹೆಚ್ಚು ನಾರಿನಂಶ' ಅಂತ ಹೇಳಿಕೊಂಡ ಮೇಲೆ ಎಷ್ಟು ಅಂತ ತೋರಿಸಬೇಕು. ಎಫ್‌ಎಸ್‌ಎಸ್‌ಎಐ 2018ರ ನಿಯಮದಲ್ಲಿ ಘನ ಆಹಾರಕ್ಕೆ ಆ ಮಾತು ಹಾಕಲು 100 ಗ್ರಾಂಗೆ ಕನಿಷ್ಠ 6 ಗ್ರಾಂ ಸಾಕು, ನಿಮ್ಮದು ಅದನ್ನು ದಾಟಿ ಎಷ್ಟೋ ಮುಂದಿದೆ. ನಾರಿನ ಸಾಲು ಇಲ್ಲದೆ 36.5 ಮತ್ತು 459 ಮಾತ್ರ ಇದ್ದರೆ ನೋಡಿದವರೆಲ್ಲ ನಿಮ್ಮ ಹಾಗೇ 506 ಲೆಕ್ಕ ಹಾಕಿ ಲೇಬಲ್ ತಪ್ಪು ಅನ್ನುತ್ತಾರೆ.

ಎರಡನೆಯದು ಸೋಡಿಯಂ. ರಿಪೋರ್ಟಿನಲ್ಲಿ 2600 ಇದೆ, ಡ್ರಾಫ್ಟಿನಲ್ಲಿ 260. ಡಿಸೈನರ್ 10 ಗ್ರಾಂ ಸರ್ವಿಂಗ್ ಲೆಕ್ಕವನ್ನು 100 ಗ್ರಾಂ ಕಾಲಮ್ಮಿಗೆ ಹಾಕಿದ್ದಾರೆ. ರಿಪೋರ್ಟ್ ಕೈಯಲ್ಲಿಲ್ಲದೆಯೂ ಇದನ್ನು ಹಿಡಿಯಬಹುದು. ಮೇಡಂ, ನೀವು ಕೆಜಿಗೆ ಎಷ್ಟು ಉಪ್ಪು ಹಾಕುತ್ತೀರಿ?

ಧಾರವಾಡದ_ಅಗಸೆ

ರೆಡಿಯಾದ ಪುಡಿ ಒಂದು ಕೆಜಿಗೆ 65 ಗ್ರಾಂ. ತೂಕ ಮಾಡಿಯೇ ಹಾಕುತ್ತೇನೆ.

ಲ್ಯಾಬ್_ಶಿವಮೊಗ್ಗ

ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 393 ಮಿಲಿಗ್ರಾಂ ಸೋಡಿಯಂ. 100 ಗ್ರಾಂ ಪುಡಿಯಲ್ಲಿ 6.5 ಗ್ರಾಂ ಉಪ್ಪು ಅಂದರೆ 2555. ಅಗಸೆ, ಮೆಣಸಿನಕಾಯಿ, ಜೀರಿಗೆಯಿಂದ ಇನ್ನಷ್ಟು. ಲ್ಯಾಬಿನ 2600 ಚೆನ್ನಾಗಿ ಹೊಂದುತ್ತದೆ.

ಬೂದಿಯೂ ಇದನ್ನೇ ಹೇಳುತ್ತದೆ. ಬೂದಿ ಅಂದರೆ ಪುಡಿಯನ್ನು ಸುಟ್ಟ ಮೇಲೆ ಉಳಿಯುವ ಖನಿಜ. ಉಪ್ಪು ಸುಡುವುದಿಲ್ಲ, ಅಲ್ಲೇ ಉಳಿಯುತ್ತದೆ. 10.0ರಲ್ಲಿ ಉಪ್ಪು ಆರೂವರೆ ಹೋದರೆ ಉಳಿದ ಮೂರೂವರೆ ಕಾಳು, ಮಸಾಲೆಯದು. ಅಗಸೆ ಕಾಳಿನ ಬೂದಿಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಸೋಡಿಯಂ ನಿಜಕ್ಕೂ 260 ಆಗಿದ್ದರೆ ಉಪ್ಪು 0.7 ಗ್ರಾಂ ಕೂಡ ಆಗುವುದಿಲ್ಲ, ಬೂದಿ 10 ಆಗಲು ಕಾರಣವೇ ಇರುವುದಿಲ್ಲ.

ಬಿಪಿ ಇರುವವರು ನೋಡುವುದು ಇದೇ ಸಾಲನ್ನು. ದಯವಿಟ್ಟು ಇದನ್ನು ತಿದ್ದಿಸದೆ ಪ್ರಿಂಟ್‌ಗೆ ಕೊಡಬೇಡಿ.

ಧಾರವಾಡದ_ಅಗಸೆ

ಇವತ್ತೇ ಹೇಳಿ ತಿದ್ದಿಸುತ್ತೇನೆ ಸರ್. ಒಂದು ಸರ್ವಿಂಗ್‌ಗೆ ಶೇಕಡಾ ಎಷ್ಟು ಅಂತ ಹಾಕುವ ಕಾಲಮ್ ಕೂಡ ಇದೆ. ಅದನ್ನು ನಾನೇ ಮಾಡಿದ್ದೇನೆ, ನೋಡಿ. 10 ಗ್ರಾಂಗೆ ಶಕ್ತಿ 45.9, ದಿನಕ್ಕೆ 2000 ಲೆಕ್ಕದಲ್ಲಿ 2.3%. ಕೊಬ್ಬು 3.3, 67 ಗ್ರಾಂ ಲೆಕ್ಕದಲ್ಲಿ 4.9%. ಸೋಡಿಯಂ 260, 2000 ಮಿಲಿಗ್ರಾಂ ಲೆಕ್ಕದಲ್ಲಿ 13%.

ಲ್ಯಾಬ್_ಶಿವಮೊಗ್ಗ

ಮೂರೂ ಸರಿ ಇವೆ. ಇದೇ ಕ್ರಮ ಇಟ್ಟುಕೊಳ್ಳಿ. ಯಾವಾಗಲೂ 100 ಗ್ರಾಂನ ಪೂರ್ತಿ ಅಂಕಿಯಿಂದ ಶುರು ಮಾಡಿ, ರೌಂಡ್ ಮಾಡುವುದು ಕೊನೆಗೆ. ಉಲ್ಟಾ ಹೋದರೆ ಏನಾಗುತ್ತದೆ ನೋಡಿ. 10 ಗ್ರಾಂಗೆ ಪ್ರೋಟೀನ್ 2, ಕಾರ್ಬ್ಸ್ 4, ಕೊಬ್ಬು 3 ಅಂತ ರೌಂಡ್ ಮಾಡಿ 4-4-9 ಹಾಕಿದರೆ 51 ಬರುತ್ತದೆ. ನಾರಿನ 4.7 ಕಳೆದರೂ 46ರ ಮೇಲೆಯೇ ನಿಲ್ಲುತ್ತದೆ. ಸಣ್ಣ ಸರ್ವಿಂಗ್‌ನಲ್ಲಿ ಇಂಥ ಚೂರುಗಳು ದೊಡ್ಡದಾಗಿ ಕಾಣುತ್ತವೆ. ರೌಂಡಿಂಗ್ ಬಗ್ಗೆ ಪ್ಯಾಕೆಟ್_ಓದುಗ ಅವರು ಹೇಳಿದ್ದು ಈ ಜಾಗಕ್ಕೆ ನಿಜ.

ಪ್ಯಾಕೆಟ್_ಓದುಗ

ಅದು ಒಪ್ಪಿದೆ. ಆದರೆ ಒಂದು ಮಾತು. ನಾಳೆ ಅಧಿಕಾರಿಗಳು ಪುಡಿಯ ಸ್ಯಾಂಪಲ್ ತಗೊಂಡು ಬೇರೆ ಲ್ಯಾಬಿಗೆ ಕಳಿಸಿದರೆ, ಆ ಲ್ಯಾಬಿನವರು ಎಲ್ಲಕ್ಕೂ 4 ಹಾಕಿ 506 ಅಂತ ಕೊಟ್ಟರೆ? ಆಗ ಲೇಬಲ್ ಮೇಲೆ 459 ಅಂತ ಕಡಿಮೆ ತೋರಿಸಿದ್ದೀರಿ ಅನ್ನುತ್ತಾರಲ್ಲ. 506 ಹಾಕಿದರೆ ಆ ತಂಟೆಯೇ ಇಲ್ಲ. ಕ್ಯಾಲರಿ ಜಾಸ್ತಿ ತೋರಿಸಿದ್ದಕ್ಕೆ ಯಾವ ಗ್ರಾಹಕರೂ ಜಗಳಕ್ಕೆ ಬರುವುದಿಲ್ಲ.

ಲ್ಯಾಬ್_ಶಿವಮೊಗ್ಗ

ಹೀಗೆ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಎಲ್ಲಕ್ಕೂ 4 ಹಾಕುವ ಲ್ಯಾಬುಗಳೂ ಇವೆ. ಆದರೂ ನನ್ನ ಅಭಿಪ್ರಾಯ 459. ತಿನ್ನುವವರಿಗೆ ಸಿಗುವ ಶಕ್ತಿಗೆ ಅದೇ ಹತ್ತಿರ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲೂ ಬರೀ ಅಗಸೆ ಕಾಳಿಗೆ 534 ಇದೆ. ಅದೇ ಸಾಲಿನ ಪ್ರೋಟೀನ್ 18.3, ಕಾರ್ಬ್ಸ್ 28.9, ಕೊಬ್ಬು 42.2ಕ್ಕೆ 4-4-9 ಹಾಕಿದರೆ 569 ಆಗುತ್ತದೆ. ಅವರು ಒಂದೊಂದು ಬಗೆಯ ಆಹಾರಕ್ಕೂ ಬೇರೆಬೇರೆ ಗುಣಕ ಬಳಸುತ್ತಾರೆ. ಎಣ್ಣೆಕಾಳಿಗೆ 4-4-9 ಜಾಸ್ತಿ ತೋರಿಸುತ್ತದೆ ಅನ್ನೋದು ಅಲ್ಲೂ ಕಾಣುತ್ತದೆ.

ಮೇಡಂ, ಒಂದು ಕೆಲಸ ಮಾಡಿ. ಶಕ್ತಿಯನ್ನು ಹೇಗೆ ಲೆಕ್ಕ ಹಾಕಿದ್ದೇವೆ ಅನ್ನೋ ಒಂದು ಸಾಲನ್ನು, ನಾರಿಗೆ ಎಷ್ಟು ಹಿಡಿದಿದ್ದೇವೆ ಅನ್ನೋದನ್ನೂ ಸೇರಿಸಿ, ರಿಪೋರ್ಟಿನಲ್ಲೇ ಬರೆದುಕೊಡಿ ಅಂತ ನಿಮ್ಮ ಲ್ಯಾಬಿಗೆ ಕೇಳಿ. ಕೇಳಿದರೆ ಕೊಡುತ್ತಾರೆ. ಆ ಕಾಗದ ಫೈಲಿನಲ್ಲಿ ಇರಲಿ.

ತುಮಕೂರು_ಜಿಮ್

ನಾನಂತೂ ನನ್ನ ಲೆಕ್ಕಕ್ಕೆ ಸೊನ್ನೆಯೇ ಹಾಕೋದು ಸರ್. ಕಾಳನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತಲ್ಲ, ಅದಕ್ಕೆ ಯಾವ ಕ್ಯಾಲರಿ?

ಹಳೇ_ಡಯಟಿಷಿಯನ್

ಇಡೀ ಕಾಳಿಗೆ ಆ ಮಾತು ಬಹಳ ಮಟ್ಟಿಗೆ ಸರಿ ಕಣಪ್ಪ. ಬಾದಾಮಿ ಬಗ್ಗೆ ಹಾಗೆ ಪರೀಕ್ಷೆ ಮಾಡಿ ನೋಡಿದ್ದಾರೆ. 2012ರಲ್ಲಿ ಬಂದ ಅಧ್ಯಯನದಲ್ಲಿ 28 ಗ್ರಾಂ ಬಾದಾಮಿಗೆ ಲೆಕ್ಕದ ಪ್ರಕಾರ ಸುಮಾರು 170 ಕ್ಯಾಲರಿ ಇರಬೇಕಿತ್ತು, ಮೈಗೆ ಸಿಕ್ಕಿದ್ದು 129. ಆದರೆ ಇವರು ಮಾರುತ್ತಿರುವುದು ಹುರಿದು ಕುಟ್ಟಿದ ಪುಡಿ. ಅಲ್ಲಿ ಎಣ್ಣೆ ಹೊರಗೆ ಬಂದಿರುತ್ತದೆ. ಎಷ್ಟು ನುಣ್ಣಗಿದೆ ಅನ್ನೋದರ ಮೇಲೆ ಎಷ್ಟು ಕ್ಯಾಲರಿ ಸಿಗುತ್ತದೆ ಅಂತ ಯಾವ ಲೇಬಲ್ಲೂ ಹೇಳುವುದಿಲ್ಲ.

ಧಾರವಾಡದ_ಅಗಸೆ

ಲ್ಯಾಬಿನವರಿಗೆ ಫೋನ್ ಮಾಡಿದೆ. ನಾರಿಗೆ 2 ಅಂತಲೇ ಹಿಡಿದಿದ್ದಾರಂತೆ, ಬರೆದುಕೊಡಲು ಒಪ್ಪಿದ್ದಾರೆ. ಸೋಡಿಯಂ ತಿದ್ದಿದ ಡ್ರಾಫ್ಟ್ ಬಂದಿದೆ. ನಾರು ಕಾರ್ಬ್ಸ್ ಕೆಳಗೆ ಹೋಗಿದೆ, 459 ಇಟ್ಟುಕೊಂಡಿದ್ದೇನೆ. ಪ್ಯಾಕೆಟ್_ಓದುಗ ಅವರು ಹೇಳಿದ ಭಯ ಇನ್ನೂ ಇದೆ, ಆದರೆ ಕೇಳಿದರೆ ತೋರಿಸಲು ಕಾಗದ ಇರುತ್ತದೆ.

ಬೆಳ್ಳುಳ್ಳಿ ಜಾಸ್ತಿ ಹಾಕಿದ ಇನ್ನೊಂದು ಬಗೆ ಮಾಡುತ್ತೇನೆ, ಅದರಲ್ಲಿ ಸ್ವಲ್ಪ ಶೇಂಗಾ ಕೂಡ ಇದೆ. ಅದಕ್ಕೂ ಇದೇ ಅಂಕಿ ಬಳಸಬಹುದಾ ಅಥವಾ ಬೇರೆ ಟೆಸ್ಟ್ ಬೇಕಾ?

ಲ್ಯಾಬ್_ಶಿವಮೊಗ್ಗ

ಬೇರೆ ಟೆಸ್ಟ್ ಮಾಡಿಸಿ. ಶೇಂಗಾದಲ್ಲಿ ನಾರು ಅಗಸೆಯ ಮೂರನೇ ಒಂದು ಭಾಗದಷ್ಟು ಮಾತ್ರ, ಪ್ರೋಟೀನ್ ಜಾಸ್ತಿ. ಅಗಸೆ ಕಡಿಮೆ ಮಾಡಿ ಆ ಜಾಗಕ್ಕೆ ಶೇಂಗಾ ಹಾಕಿದರೆ ಮೂರು ಸಾಲೂ ಬದಲಾಗುತ್ತವೆ. ಸ್ಯಾಂಪಲ್ ಕೊಡುವಾಗ ಟೋಟಲ್ ಡಯಟರಿ ಫೈಬರ್ ಬೇಕು ಅಂತ ಫಾರ್ಮಿನಲ್ಲೇ ಬರೆಯಿರಿ, ಕೆಲವು ಲ್ಯಾಬುಗಳಲ್ಲಿ ಕೇಳದಿದ್ದರೆ ಅದನ್ನು ಮಾಡುವುದಿಲ್ಲ. ಇನ್ನೊಂದು, ಶೇಂಗಾ ಇದೆ ಅಂತ ಅಲರ್ಜಿ ಸಾಲಿನಲ್ಲಿ ಹಾಕಲು ಮರೆಯಬೇಡಿ.